ಪುಟ್ ಕೊಳ್ಳುವ ಮೊದಲು, ಕಾಪಾಡಬೇಕಾದದ್ದು ಎಷ್ಟಿದೆ ನೋಡಿ

ಮೈಸೂರಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ ಸರ್. ನಮ್ಮ ಕಾಲೇಜಿನ ಹೂಡಿಕೆ ಕ್ಲಬ್‌ಗೆ ಹೊಸದಾಗಿ ಸೇರಿದವರಿಗೆ ಆಪ್ಷನ್ಸ್ ಕೊಂಡು ನಷ್ಟಕ್ಕೆ ಮಿತಿ ಹಾಕಿಕೊಳ್ಳುವ ಹೆಡ್ಜಿಂಗ್ ಬಗ್ಗೆ ಇಪ್ಪತ್ತು ನಿಮಿಷ ಭಾಷಣ ಮಾಡಬೇಕು. ‘ಪುಟ್ ಅಂದರೆ ಷೇರಿಗೆ ವಿಮೆ’ ಅಂತ ಶುರು ಮಾಡಿದರೆ ಸಾಕಾ?

ಸಾಲದು ಕಣಮ್ಮ. ಅರ್ಧ ಹೇಳಿದ ಆ ಒಂದು ಮಾತಿನಿಂದಲೇ ಎಷ್ಟೋ ಹುಡುಗರು ಫೀಸಿನ ಹಣ ಕಳೆದುಕೊಂಡಿದ್ದನ್ನು ನೋಡಿದ್ದೇನೆ. ಪುಟ್ ಅಂದರೆ ಮೊದಲೇ ಗೊತ್ತುಮಾಡಿದ ಬೆಲೆಗೆ ಮಾರುವ ಹಕ್ಕು; ಅದಕ್ಕೆ ಕಟ್ಟುವ ಹಣ ಪ್ರೀಮಿಯಂ. ವಿಮೆಗೂ ಪುಟ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಪಕ್ಕದ ಮನೆಗೆ ಬೆಂಕಿ ಬಿದ್ದರೆ ನನಗೆ ಹಣ ಬರಲಿ ಅಂತ ನೀನು ವಿಮೆ ಮಾಡಿಸಲು ಹೋದರೆ ಯಾವ ಕಂಪನಿಯೂ ಒಪ್ಪುವುದಿಲ್ಲ. ಪುಟ್ ಕೊಳ್ಳುವಾಗ ಮಾತ್ರ ‘ನಿನ್ನ ಹತ್ತಿರ ಕಾಪಾಡಿಕೊಳ್ಳೋಕೆ ಏನಿದೆ’ ಅಂತ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು. ನಿನ್ನ ಭಾಷಣ ಅಲ್ಲಿಂದಲೇ ಶುರುವಾಗಲಿ.

ನಿಫ್ಟಿ ಅಂದರೇನು, ಡಿಮ್ಯಾಟ್ ಖಾತೆ ಹೇಗೆ ತೆರೆಯುವುದು ಅಂತ ಹೇಳುತ್ತ ಕೂರಬೇಡ. ಅದು ಗೊತ್ತಿಲ್ಲದವರು ಈ ಭಾಷಣಕ್ಕೆ ಇನ್ನೊಂದು ವರ್ಷ ಬಿಟ್ಟು ಬರಲಿ. ಡೆಲ್ಟಾ, ಥೀಟಾ ಸುದ್ದಿಯೂ ಬೇಡ. ಬೋರ್ಡಿನ ಮೇಲೆ ಒಂದೇ ಲೆಕ್ಕ ಬರೆ, ಅದನ್ನು ಪೂರ್ತಿ ಮಾಡು.

ಮಂಡ್ಯದಲ್ಲಿ ನಿನಗೊಬ್ಬರು ಸೋದರಮಾವ ಇದ್ದಾರೆ ಅಂದುಕೋ. ಹತ್ತು ತಿಂಗಳ ಹಿಂದೆ ನಿಫ್ಟಿ ಇಂಡೆಕ್ಸ್ ಫಂಡ್‌ಗೆ ಹಾಕಿದ ಹಣ ಇವತ್ತು 16,25,000 ಆಗಿದೆ, ಅದರಲ್ಲಿ ಲಾಭ 3 ಲಕ್ಷ. ಸೈಟು ಕೊಳ್ಳಲು ಆ ಹಣ ಬೇಕು. ಇವತ್ತೇ ಮಾರಿದರೆ ಲಾಭಕ್ಕೆ ಶೇ. 20 ತೆರಿಗೆ, ಸೆಸ್ ಬಿಟ್ಟು 60,000. ಎರಡು ತಿಂಗಳು ತಡೆದು ವರ್ಷ ದಾಟಿಸಿದರೆ ಮೊದಲ 1,25,000 ಲಾಭಕ್ಕೆ ತೆರಿಗೆಯೇ ಇಲ್ಲ, ಉಳಿದದ್ದಕ್ಕೆ ಶೇ. 12.5. ಅಂದರೆ 21,875. ಮಾವನಿಗೆ ಕಾಯುವ ಆಸೆ, ಅಷ್ಟರಲ್ಲಿ ಮಾರುಕಟ್ಟೆ ಬಿದ್ದರೆ ಅನ್ನುವ ಭಯ. ಹೆಡ್ಜ್ ಬೇಕಾಗುವುದು ಇಂಥ ಕಡೆ: ವಸ್ತು ಕೈಯಲ್ಲಿದೆ, ಈಗ ಮಾರದಿರಲು ಕಾರಣವಿದೆ, ಭಯಕ್ಕೊಂದು ಕೊನೆಯ ದಿನವಿದೆ. ಈ ಮೂರರಲ್ಲಿ ಒಂದಿಲ್ಲದಿದ್ದರೂ ಪುಟ್ ತಂಟೆಗೆ ಹೋಗಬೇಕಾಗಿಲ್ಲ.

ನಿಫ್ಟಿ 25,000ದಲ್ಲಿದೆ, ಲಾಟ್, ಅಂದರೆ ಒಂದು ಸಲಕ್ಕೆ ಕೊಳ್ಳಲೇಬೇಕಾದ ಕನಿಷ್ಠ ಪ್ರಮಾಣ, 65 ಅಂತ ಇಟ್ಟುಕೋ. ಲಾಟ್ ಆಗಾಗ ಬದಲಾಗುತ್ತದೆ, ಭಾಷಣದ ಹಿಂದಿನ ದಿನ ಎನ್‌ಎಸ್‌ಇ ಜಾಲತಾಣದಲ್ಲಿ ನೋಡಿಕೋ. 65 ಗುಣಿಸು 25,000 ಅಂದರೆ 16,25,000. ಮಾವನ ಹಣಕ್ಕೆ ಒಂದು ಲಾಟ್ ಸರಿಯಾಗಿ ಕೂತಿತು. ಎಕ್ಸ್‌ಪೈರಿ, ಅಂದರೆ ಅವಧಿ ಮುಗಿಯುವ ದಿನ, ಎರಡು ತಿಂಗಳಿಗೆ; ಸ್ಟ್ರೈಕ್, ಅಂದರೆ ಗೊತ್ತುಮಾಡಿದ ಬೆಲೆ, 24,000. ಇಂಥ ಪುಟ್‌ಗೆ ಪ್ರೀಮಿಯಂ 250 ಎಂದುಕೊಂಡರೆ 65ಕ್ಕೆ ಮಾವ ಕಟ್ಟುವುದು 16,250, ಅಂದರೆ ಹೂಡಿಕೆಯ ಶೇ. 1.

ಈಗ ಎಕ್ಸ್‌ಪೈರಿ ದಿನ ಏನಾಗಬಹುದು ಅಂತ ಮೂರು ಬಗೆಯಲ್ಲಿ ಬರೆ. ನಿಫ್ಟಿ 22,000ಕ್ಕೆ ಬಿದ್ದಿತು: ಫಂಡ್‌ನಲ್ಲಿ 1,95,000 ಹೋಯಿತು, ಪುಟ್ 1,30,000 ಕೊಟ್ಟಿತು, ಪ್ರೀಮಿಯಂ ಕಳೆದರೆ ಒಟ್ಟು ನಷ್ಟ 81,250. ಅಲ್ಲಿಂದ ಕೆಳಗೆ 18,000ಕ್ಕೆ ಹೋದರೂ ನಷ್ಟ ಅಷ್ಟೇ. ಹೆಡ್ಜ್ ಮಾಡುವ ಕೆಲಸ ಇದು. ನಿಫ್ಟಿ 27,000ಕ್ಕೆ ಏರಿತು: 1,30,000 ಲಾಭದಲ್ಲಿ ಪ್ರೀಮಿಯಂ ಹೋಗಿ 1,13,750 ಉಳಿಯಿತು.

ಮೂರನೆಯದನ್ನು ಭಾಷಣಕಾರರು ಬಿಟ್ಟುಬಿಡುತ್ತಾರೆ, ನೀನು ಬಿಡಬೇಡ. ನಿಫ್ಟಿ 24,500ಕ್ಕೆ ಇಳಿಯಿತು. ಫಂಡ್‌ನಲ್ಲಿ 32,500 ನಷ್ಟ, ಪುಟ್‌ನಿಂದ ಒಂದು ಪೈಸೆಯೂ ಇಲ್ಲ, ಪ್ರೀಮಿಯಂ ಸೇರಿ 48,750 ಹೋಯಿತು. ‘ಹೆಡ್ಜ್ ಮಾಡಿಯೂ ಕಳೆದುಕೊಂಡೆ’ ಅಂತ ನನಗೆ ಬರೆಯುವವರೆಲ್ಲ ಸಿಕ್ಕಿಕೊಂಡಿರುವುದು ಇಲ್ಲೇ. ಮೊದಲ 1,000 ಅಂಕದ ಕುಸಿತ ಮಾವನದೇ ಹೊಣೆ, 24,000 ಸ್ಟ್ರೈಕ್ ಆರಿಸಿದಾಗಲೇ ಅವರು ಅದನ್ನು ಒಪ್ಪಿದ್ದಾರೆ. ಅದೂ ಬೇಡವೆಂದರೆ 25,000 ಸ್ಟ್ರೈಕ್ ಕೊಳ್ಳಬೇಕು, ಪ್ರೀಮಿಯಂ ಬಹಳ ಹೆಚ್ಚು. ಇಷ್ಟಾದ ಮೇಲೆ ಸಭೆಗೊಂದು ಪ್ರಶ್ನೆ ಹಾಕು: ತೆರಿಗೆಯಲ್ಲಿ 38,125 ಉಳಿಸಲು 81,250ರವರೆಗಿನ ನಷ್ಟಕ್ಕೆ ಮಾವ ಒಪ್ಪಬೇಕೇ? ನಾನಾಗಿದ್ದರೆ ಇವತ್ತೇ ಮಾರಿ, ತೆರಿಗೆ ಕಟ್ಟಿ, ಸೈಟಿನ ಹಣ ಬ್ಯಾಂಕಿನಲ್ಲಿಡುತ್ತಿದ್ದೆ. ಬೇರೆಯವರು ಬೇರೆ ಹೇಳಬಹುದು, ಚರ್ಚೆ ಆಗಲಿ.

ಆಮೇಲೆ ಮಾವನನ್ನು ಅಳಿಸಿ ನಿನ್ನ ಎದುರು ಕೂತವರ ಲೆಕ್ಕ ಬರೆ. ಹುಡುಗನ ಹತ್ತಿರ 40,000 ರೂಪಾಯಿಯ ಇಂಡೆಕ್ಸ್ ಫಂಡ್ ಇದೆ. ಅದೇ ಪುಟ್ ಕೊಂಡರೆ 16,250, ಅಂದರೆ ಇರುವ ಹಣದ ಶೇ. 40. ನಿಫ್ಟಿ ಶೇ. 3 ಇಳಿದು 24,250ಕ್ಕೆ ಬಂದರೆ ಫಂಡ್‌ನಲ್ಲಿ ಹೋಗುವುದು ಬರೀ 1,200, ಪುಟ್‌ನಲ್ಲಿ ಹೋಗುವುದು ಪೂರ್ತಿ 16,250. ನಲವತ್ತು ಸಾವಿರಕ್ಕೆ ಹದಿನಾರು ಲಕ್ಷದ ಕಾವಲು ಹಾಕಿದರೆ ಅದು ಹೆಡ್ಜ್ ಅಲ್ಲ, ಮಾರುಕಟ್ಟೆ ಬೀಳಲಿ ಅಂತ ಕಟ್ಟಿದ ಬಾಜಿ. ಅರ್ಧ ಲಾಟ್ ಸಿಗುವುದಿಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಕೊನೆಯಲ್ಲಿ ಸೂಚ್ಯಂಕದ ಹೊಸ ಒಪ್ಪಂದಗಳ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿದೆ. ಆದ್ದರಿಂದ ನಿನ್ನ ಕ್ಲಬ್‌ನ ಹೊಸಬರಲ್ಲಿ ಹೆಚ್ಚಿನವರಿಗೆ ಇವತ್ತು ನಿಫ್ಟಿ ಪುಟ್ ಹೆಡ್ಜ್ ಆಗಲಾರದು. ಅವರ ಅಪಾಯ ಕಡಿಮೆ ಮಾಡುವ ದಾರಿ ಷೇರಿನ ಪಾಲು ಇಳಿಸುವುದು. ಇದನ್ನು ವೇದಿಕೆಯ ಮೇಲೆ ನೇರವಾಗಿ ಹೇಳು. ಕೇಳಿದವರ ಮುಖ ಸಪ್ಪಗಾದರೂ ಪರವಾಗಿಲ್ಲ.

ಕೊನೆಗೆ ಸಮಯದ ವಿಷಯ. 2024ರ ಜೂನ್ 4, ಚುನಾವಣೆಯ ಫಲಿತಾಂಶದ ದಿನ, ನಿಫ್ಟಿ 23,263ರಿಂದ 21,884ಕ್ಕೆ ಕುಸಿಯಿತು. ಜೂನ್ 7ಕ್ಕೆ 23,290. ನಾಲ್ಕನೇ ತಾರೀಖು ಮಧ್ಯಾಹ್ನ ಹೆದರಿ ಪುಟ್ ಕೊಂಡವರು ಎರಡು ಕಡೆಯಿಂದ ಕಳೆದುಕೊಂಡರು: ನಿಫ್ಟಿ ಮೇಲೆ ಹೋಯಿತು, ಜೊತೆಗೆ ಭಯ ತಗ್ಗಿದ್ದರಿಂದ ಪ್ರೀಮಿಯಂ ಕೂಡ ಕರಗಿತು. ಎಲ್ಲರೂ ಹೆದರಿದಾಗ ಪುಟ್ ತುಟ್ಟಿ. ಹಾಗಂತ ವರ್ಷವಿಡೀ ಕೊಳ್ಳುತ್ತ ಹೋದರೆ ಎರಡು ತಿಂಗಳಿಗೆ ಶೇ. 1ರಂತೆ ವರ್ಷಕ್ಕೆ ಶೇ. 6, ಫಂಡ್‌ನ ಲಾಭದ ದೊಡ್ಡ ಭಾಗ ಅಲ್ಲಿಗೇ ಹೋಗುತ್ತದೆ.

ಟೆಲಿಗ್ರಾಂ ಗುಂಪೊಂದರಲ್ಲಿ ‘ನಷ್ಟವೇ ಇಲ್ಲದ ಹೆಡ್ಜ್’ ಕಲಿಸುತ್ತಾರಂತೆ, ಸೇರಲಾ?

ಬೇಡ. ಸೆಬಿಯ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಎಫ್ ಅಂಡ್ ಓ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಸಾಮಾನ್ಯ ಹೂಡಿಕೆದಾರರಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದ್ದಾರೆ. ನಷ್ಟವಿಲ್ಲದ ದಾರಿ ಗೊತ್ತು ಅನ್ನುವವನು ನಿಮಗೆ ಸುಳ್ಳು ಹೇಳುತ್ತಿದ್ದಾನೆ.

ಪುಟ್ ಕೊಳ್ಳುವ ಬದಲು ಆಪ್ಷನ್ ಮಾರಿ ತಿಂಗಳಿಗೆ ಖರ್ಚಿನ ಹಣ ಮಾಡಿಕೊಳ್ಳಬಹುದಾ?

ಮಾರಿದವನು ವಿಮೆ ಕೊಡುವವನ ಜಾಗದಲ್ಲಿರುತ್ತಾನೆ. ಹಾಸ್ಟೆಲ್ ಹುಡುಗನಿಗೆ ಆ ಜಾಗ ಬೇಡ.

ನನ್ನ ಹತ್ತಿರ ಮೂರೇ ಕಂಪನಿಯ ಷೇರು ಇವೆ. ನಿಫ್ಟಿ ಪುಟ್ ಸಾಕಲ್ಲವೇ?

ಸಾಲದು. ನಿಮ್ಮ ಕಂಪನಿ ತನ್ನದೇ ಕಾರಣಕ್ಕೆ ಬಿದ್ದು ನಿಫ್ಟಿ ನಿಂತಲ್ಲೇ ನಿಂತರೆ ಪುಟ್‌ನಿಂದ ಏನೂ ಬರುವುದಿಲ್ಲ.

ಷೇರು ಇಲ್ಲದೆ ಬರೀ ಒಂದು ಕಂಪನಿಯ ಪುಟ್ ಕೊಂಡು ಎಕ್ಸ್‌ಪೈರಿವರೆಗೂ ಇಟ್ಟುಕೊಂಡರೆ ತೊಂದರೆ ಇದೆಯಾ?

ಇದೆ. ನಿಫ್ಟಿ ಆಪ್ಷನ್‌ನಲ್ಲಿ ವ್ಯತ್ಯಾಸದ ಹಣ ಮಾತ್ರ ಕೈ ಬದಲಾಗುತ್ತದೆ, ಕಂಪನಿ ಷೇರಿನ ಆಪ್ಷನ್‌ನಲ್ಲಿ ಷೇರನ್ನೇ ಕೊಡಬೇಕು. ಪುಟ್ ಲಾಭದಲ್ಲಿ ಮುಗಿದು, ಕೊಡಲು ನಿಮ್ಮ ಖಾತೆಯಲ್ಲಿ ಷೇರು ಇಲ್ಲದಿದ್ದರೆ ವಿನಿಮಯ ಕೇಂದ್ರ ಹರಾಜಿನಲ್ಲಿ ಕೊಂಡು ಕೊಡುತ್ತದೆ, ಖರ್ಚು ನಿಮ್ಮ ತಲೆಗೆ. ಎಕ್ಸ್‌ಪೈರಿ ವಾರ ಬರುವ ಮೊದಲೇ ಆ ಪುಟ್ ಮಾರಿ ಹೊರಬನ್ನಿ.