ಕಾರ್ಡ್ ಎಲ್ಲಾ ಬರ್ತಾವ್ರಿ, ಕಿವಿಗೆ ಮಾತ್ರ ತಿಳಿಯಂಗಿಲ್ರಿ

(ಗುರುತು ಸಿಗಬಾರದೆಂದು ಹೆಸರನ್ನೂ ಮನೆ ಹಾಗೂ ಕೆಲಸದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ರೇಣುಕಾ ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವಯಸ್ಸು ಮೂವತ್ತೆರಡು, ಶಾಲೆಗೆ ಹೋಗುವ ಮಗನಿದ್ದಾನೆ, ಮನೆ ನವನಗರದಲ್ಲಿ. ಜರ್ಮನಿಗೆ ನರ್ಸ್ ಆಗಿ ಹೋಗಬೇಕೆಂದು ಹತ್ತು ತಿಂಗಳಿಂದ ಜರ್ಮನ್ ಕಲಿಯುತ್ತಿದ್ದರು. ಅಲ್ಲಿ ನರ್ಸ್ ಎಂದು ಪೂರ್ಣ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು, ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲುಗಳಲ್ಲಿ ಅದು ನಾಲ್ಕನೆಯದು. ಇವರು ಆನ್‌ಲೈನ್ ಕ್ಲಾಸಿನಲ್ಲಿ ಎ2 ಮುಗಿಸಿ ಬಿ1ಕ್ಕೆ ಬಂದು ನಿಂತುಬಿಟ್ಟಿದ್ದರು. ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ, ಸಣ್ಣದಕ್ಕೂ ಮಗನ ಮೇಲೆ ರೇಗುತ್ತೇನೆ ಎಂಬ ದೂರು ಹೊತ್ತು. ಮಾತು ಬಿಚ್ಚಿದಾಗ ಅದರ ಬುಡದಲ್ಲಿ ಜರ್ಮನ್ ಇತ್ತು.

"ಅಕ್ಕಾರ, ದಿನಾ ರಾತ್ರಿ ಕಾರ್ಡ್ ಮಾಡ್ತೀನ್ರಿ. ಓದಿದ್ರ ಎಲ್ಲಾ ಗೊತ್ತೈತಿ ಅನಸ್ತೈತಿ. ಅವರು ಬಾಯಿ ತೆಗೆದ್ರ ಒಂದೂ ತಿಳಿಯಂಗಿಲ್ರಿ. ನನ್ನ ತಲಿಗೇ ಇದು ಹತ್ತಂಗಿಲ್ಲೇನೋ."

ಮೊಬೈಲ್ ತೋರಿಸಲು ಹೇಳಿದೆ. ಅವರು ಬಳಸುತ್ತಿದ್ದದ್ದು ಆಂಕಿ. ಒಂದು ಪದವನ್ನು ಇನ್ನೇನು ಮರೆಯುತ್ತೇವೆ ಎನ್ನುವ ಹೊತ್ತಿಗೆ ಮತ್ತೆ ಎದುರಿಗೆ ತರುವ ಕಾರ್ಡ್ ಆ್ಯಪ್ ಅದು. ಮರೆವಿನ ವೇಗವನ್ನು ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ 1885ರಲ್ಲೇ ಅಳೆದಿದ್ದ, ಇಂಥ ಆ್ಯಪ್‌ಗಳ ಬೇರು ಅಲ್ಲಿದೆ. ರೇಣುಕಾ ಅವರ ಪರದೆಯ ಮೇಲೆ ಅಂದು ನೋಡಬೇಕಾದ ಬಾಕಿ ಕಾರ್ಡ್‌ಗಳು 1,400ಕ್ಕೂ ಹೆಚ್ಚು. ದಿನಕ್ಕೆ 20 ಹೊಸ ಪದ ಹಾಕುತ್ತಿದ್ದರಂತೆ. ಇಪ್ಪತ್ತೇ ತಾನೇ ಅನ್ನಿಸುತ್ತದೆ, ಆದರೆ ಪ್ರತಿ ಕಾರ್ಡೂ ಮರುದಿನ, ಕೆಲ ದಿನ ಬಿಟ್ಟು, ವಾರ ಬಿಟ್ಟು ಮರಳಿ ಬರುತ್ತದೆ. ಹೀಗೆ ಕೆಲವು ವಾರಗಳಲ್ಲಿ ದಿನದ ಪಾಲು ನೂರೈವತ್ತರ ಆಸುಪಾಸಿಗೆ ಏರುತ್ತದೆ. ನೈಟ್ ಡ್ಯೂಟಿಯ ಒಂದು ವಾರ ತಪ್ಪಿದರೆ ಸಾಲ ನೂರುಗಟ್ಟಲೆ ಬೆಳೆಯುತ್ತದೆ. ಮಲಗುವ ಮುನ್ನ ದಿನಾ ಆ ಸಂಖ್ಯೆ ನೋಡುವವರಿಗೆ ನಿದ್ದೆ ಎಲ್ಲಿಂದ ಬರಬೇಕು?

ಆದರೆ ನನ್ನ ಕಣ್ಣು ಹೋದದ್ದು ಬೇರೆ ಕಡೆ. ಕಾರ್ಡಿನ ಒಂದು ಬದಿ ಒಂಟಿ ಜರ್ಮನ್ ಪದ, ಇನ್ನೊಂದು ಬದಿ ಇಂಗ್ಲಿಷ್ ಅರ್ಥ. ದನಿ ಇಲ್ಲ, ವಾಕ್ಯ ಇಲ್ಲ. ಕೇಳುವ ಅಭ್ಯಾಸ ಏನು ಮಾಡುತ್ತೀರಿ ಎಂದರೆ, ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಜರ್ಮನ್ ಸೀರಿಯಲ್ ನೋಡುತ್ತೇನೆ ಅಂದರು. ಅದು ಇಂಗ್ಲಿಷ್ ಓದುವ ಅಭ್ಯಾಸವಾಯಿತು. ಮಾತು? "ಬಿ1 ಮುಗಿದ ಮ್ಯಾಲ ಸುರು ಮಾಡ್ತೀನ್ರಿ. ಈಗ ಮಾತಾಡಿದ್ರ ಎಲ್ಲಾ ತಪ್ಪs ಬರ್ತಾವು." ಕ್ಲಾಸಿನಲ್ಲಿ ಹಿಂದೊಮ್ಮೆ ವಾಕ್ಯದ ನಡುವೆ ನಾಲ್ಕು ಸಲ ತಡೆದು ತಿದ್ದಿದ್ದರಂತೆ. ಅಂದಿನಿಂದ ಮೈಕ್ ಬಂದ್.

ತಲೆಗೆ ಹತ್ತುವುದಿಲ್ಲ ಎಂಬ ಮಾತನ್ನು ಸಮಾಧಾನದಿಂದ ಅಳಿಸಲು ಹೋಗದೆ ಒಂದು ಪರೀಕ್ಷೆ ಮಾಡಿದೆವು. ಅವರ ಪಠ್ಯಪುಸ್ತಕದ ಆಡಿಯೊದಿಂದ ನಲವತ್ತು ಸೆಕೆಂಡಿನ ಒಂದು ಸಂಭಾಷಣೆ ಆರಿಸಿದೆ: ರೋಗಿ ಆಸ್ಪತ್ರೆಗೆ ದಾಖಲಾಗುವ ಸನ್ನಿವೇಶ, ಒಟ್ಟು 82 ಪದ. ಬರಹ ನೋಡದೆ ಮೂರು ಸಲ ಕೇಳಿ, ಕಿವಿಗೆ ಬಿದ್ದಷ್ಟನ್ನು ಬರೆಯಲು ಹೇಳಿದೆ. ಸರಿಯಾಗಿ ಬರೆದದ್ದು 19 ಪದ. ಆಮೇಲೆ ಅದೇ ಸಂಭಾಷಣೆಯ ಬರಹ ಕೈಗೆ ಕೊಟ್ಟು ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯಲು ಹೇಳಿದೆ. ಗೆರೆ ಬಿದ್ದದ್ದು ಬರೀ 7ಕ್ಕೆ.

ಅಂದರೆ ಕಣ್ಣಿಗೆ 75 ಪದ ಗೊತ್ತು, ಕಿವಿಗೆ 19. ಇಲ್ಲಿ ಕೊರತೆ ಬುದ್ಧಿಯದೂ ಅಲ್ಲ, ಪದಸಂಗ್ರಹದ್ದೂ ಅಲ್ಲ. ವಯಸ್ಕರಾಗಿ ಭಾಷೆ ಕಲಿಯುತ್ತ ಸೋತೆ ಎನ್ನುವ ಎಲ್ಲರಿಗೂ ಮೊದಲು ಇದೊಂದು ಪರೀಕ್ಷೆ ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಬರಹ ಓದಿದಾಗಲೂ ಅರ್ಧ ತಿಳಿಯದಿದ್ದರೆ ಪದ ಸಾಲದು, ಕಾರ್ಡೇ ಮದ್ದು. ಓದಿದಾಗ ತಿಳಿದು ಕೇಳಿದಾಗ ತಿಳಿಯದಿದ್ದರೆ ಇನ್ನೂ ಸಾವಿರ ಕಾರ್ಡ್ ಮಾಡಿದರೂ ಅದೇ ಜಾಗ.

ಕಿವಿ ಎಲ್ಲಿ ಜಾರುತ್ತಿದೆ ಎಂದು ಒಟ್ಟಿಗೆ ಹುಡುಕಿದೆವು. ಮೂರು ಜಾಗ ಸಿಕ್ಕವು. ಒಂದು, ಆಡುಮಾತಿನ ವೇಗ: ಕಾರ್ಡಿನ 'ಹಾಬೆನ್ ಝೀ' ಬಾಯಲ್ಲಿ 'ಹಾಮ್ ಝೀ' ಆಗಿ ಓಡುತ್ತದೆ. ಎರಡನೆಯದು ಜರ್ಮನ್‌ದೇ ಗುಣ. ಫೋನ್ ಮಾಡುವುದಕ್ಕೆ ಕಾರ್ಡಿನಲ್ಲಿ 'ಆನ್‌ರೂಫೆನ್' ಎಂದು ಒಂದೇ ಪದವಿತ್ತು, ಆದರೆ 'ಈಗಲೇ ಡಾಕ್ಟರಿಗೆ ಫೋನ್ ಮಾಡುತ್ತೇನೆ' ಎನ್ನುವಾಗ ಅದು ಒಡೆದು 'ಇಶ್ ರೂಫೆ ಝೋಫೋರ್ಟ್ ಡೇನ್ ಆರ್ತ್ಸ್ಟ್ ಆನ್' ಆಗುತ್ತದೆ. ಬಾಲ ಕೊನೆಗೆ ಹೋಗಿ ಕೂತಿದೆ. ಒಂಟಿ ಪದ ಕಲಿತವರು ನಡುವಿನ 'ರೂಫೆ' ಕೇಳಿ, ಇದು ಯಾವ ಹೊಸ ಕ್ರಿಯಾಪದ ಎಂದು ಯೋಚಿಸುತ್ತ ಉಳಿದ ವಾಕ್ಯ ಕಳೆದುಕೊಳ್ಳುತ್ತಾರೆ.

ಮೂರನೆಯದು ಸಂಖ್ಯೆ, ನರ್ಸ್‌ಗೆ ಎಲ್ಲಕ್ಕಿಂತ ಅಪಾಯದ್ದು. ಜರ್ಮನ್‌ನಲ್ಲಿ 35 ಎನ್ನಲು ಐದನ್ನು ಮೊದಲು ಹೇಳಿ ಮೂವತ್ತನ್ನು ಆಮೇಲೆ ಹೇಳುತ್ತಾರೆ. ಆಡಿಯೊದಲ್ಲಿ ಬಿಪಿ 135ಕ್ಕೆ 85 ಎಂದಿತ್ತು, ರೇಣುಕಾ 153ಕ್ಕೆ 58 ಎಂದು ಬರೆದಿದ್ದರು. ಕೇಳುತ್ತ ಕೇಳುತ್ತ ಅಂಕಿ ಬರೆಯುವುದರಿಂದ ಹೀಗಾಗುತ್ತದೆ. ಇಡೀ ಸಂಖ್ಯೆ ಮುಗಿಯುವವರೆಗೆ ಪೆನ್ನು ಎತ್ತಿ ಹಿಡಿಯಿರಿ, ಆಮೇಲೆ ಬರೆಯಿರಿ ಎಂದೆ. ದಿನಕ್ಕೆ ಐದು ನಿಮಿಷ ಬಿಪಿ, ಟೆಂಪರೇಚರ್, ಬೆಡ್ ನಂಬರ್ ಕೇಳಿ ಬರೆಯುವುದು ಬೇರೆಯೇ ಅಭ್ಯಾಸವಾಯಿತು.

ನಾನು ಕೊಟ್ಟ ಸಲಹೆಯ ತಿರುಳು ಇಷ್ಟೇ: ಕಾರ್ಡ್, ಕೇಳುವುದು, ಮಾತು ಈ ಮೂರಕ್ಕೂ ಒಂದೇ ಸಾಮಗ್ರಿ ಇರಲಿ. ಅವರು ಕಾರ್ಡನ್ನು ಒಂದು ಪಟ್ಟಿಯಿಂದ, ಕೇಳುವುದನ್ನು ಸೀರಿಯಲ್ಲಿನಿಂದ, ಮಾತನ್ನು ಮುಂದಿನ ವರ್ಷದಿಂದ ತರುತ್ತಿದ್ದರು. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಎದುರಾಗುತ್ತಲೇ ಇರಲಿಲ್ಲ.

ಮೊದಲ ಕೆಲಸ ಸಾಲ ತೀರಿಸುವುದಲ್ಲ, ನಿಲ್ಲಿಸುವುದು. ಹಳೆಯ ಕಾರ್ಡ್‌ಗಳನ್ನೆಲ್ಲ ಅಮಾನತಿನಲ್ಲಿಟ್ಟೆವು. ಅಳಿಸಲಿಲ್ಲ, ಅಳಿಸಿದರೆ ಹತ್ತು ತಿಂಗಳು ನೀರಿಗೆ ಹೋಯಿತು ಎನ್ನಿಸುತ್ತದೆ. ಆಡಿಯೊದಲ್ಲಿ ಎದುರಾದ ಪದ ಹಳೆಯ ರಾಶಿಯಲ್ಲಿದ್ದರೆ ಅದನ್ನು ಮಾತ್ರ ಎಬ್ಬಿಸಿ ದನಿ ಸೇರಿಸುವುದು ಎಂದಾಯಿತು. ಬಾಕಿ ಸಂಖ್ಯೆ ಸೊನ್ನೆಯಾದುದನ್ನು ನೋಡಿ ಅವರು ಅಲ್ಲೇ ಕಣ್ಣೊರೆಸಿಕೊಂಡರು.

ನಂತರ ಎರಡು ದಿನಕ್ಕೊಂದು ಸಣ್ಣ ಆಡಿಯೊ, ಒಂದು ನಿಮಿಷಕ್ಕಿಂತ ಕಡಿಮೆಯದು. ಮೊದಲು ಬರಹವಿಲ್ಲದೆ ಕೇಳುವುದು, ಆಮೇಲೆ ಬರಹದ ಮೇಲೆ ಬೆರಳಿಟ್ಟು ಕೇಳುವುದು, ಓದಿದಾಗ ಗೊತ್ತಿದ್ದೂ ಕಿವಿಗೆ ಸಿಗದ ತುಣುಕಿಗೆ ಗುರುತು ಹಾಕುವುದು. ಆ ಗುರುತುಗಳಿಂದ ಹೆಚ್ಚೆಂದರೆ ಐದು ಕಾರ್ಡ್. ಮುಂಬದಿಯಲ್ಲಿ ಅಕ್ಷರವೇ ಇಲ್ಲ, ಆ ತುಣುಕಿನ ದನಿ ಮಾತ್ರ. ಹಿಂಬದಿಯಲ್ಲಿ ಪೂರ್ತಿ ವಾಕ್ಯ ಮತ್ತು ಕನ್ನಡ ಅರ್ಥ. ಇಂಗ್ಲಿಷ್ ಬೇಡ ಎಂದೆ, ಏಕೆಂದರೆ ಅವರು ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಜರ್ಮನ್‌ಗೆ ಎರಡು ಸಲ ದಾಟುತ್ತಿದ್ದರು. ಜರ್ಮನ್‌ನ ಉಪವಾಕ್ಯಗಳಲ್ಲಿ ಕ್ರಿಯಾಪದ ನಮ್ಮಂತೆಯೇ ಕೊನೆಗೆ ಬರುತ್ತದೆ. 'ನನಗೆ ನೋವು ಇರುವುದರಿಂದ' ಎಂಬುದರ ನಡೆ ಇಂಗ್ಲಿಷ್ ಬಿಟ್ಟಾಗಲೇ ಅವರಿಗೆ ಹಿಡಿಯಿತು.

ಅದೇ ದಿನ ಅದೇ ಸಂಭಾಷಣೆಯನ್ನು ಬಾಯಿಂದ ಆಡುವುದು. ಮೊದಲು ಆಡಿಯೊದ ಬೆನ್ನಿಗೇ ನುಡಿಯುವುದು, ಆಮೇಲೆ ಬರಹ ಮುಚ್ಚಿ ನರ್ಸ್ ಪಾತ್ರ ತಾನಾಗಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಮಾಡಿ, ಬೆಳಗಾವಿಯಲ್ಲಿ ಅದೇ ಕ್ಲಾಸಿಗೆ ಸೇರಿದ್ದ ಗೆಳತಿಗೆ ಕಳಿಸುವುದು. ಆಕೆ ರೋಗಿಯಾಗಿ ಉತ್ತರಿಸುತ್ತಿದ್ದಳು. ಬೇಗ ಮಾತಾಡಿ ಎಂದರೆ ಬಾಯಿಗೆ ಬಂದದ್ದು ಆಡಿ ಎಂದಲ್ಲ, ಕೇಳಿದ್ದನ್ನು ಆಡಿ ಎಂದು. ಕೇಳದೆಯೇ ಆಡಿದರೆ ನಮ್ಮ ಸ್ವರಗಳೇ ಅಲ್ಲಿ ಬೇರೂರುತ್ತವೆ. ಜರ್ಮನ್‌ನ ಒಂದು ಸ್ವರಕ್ಕೆ ನಾಲಿಗೆಯನ್ನು 'ಈ' ಇದ್ದಲ್ಲಿಟ್ಟು ತುಟಿಯನ್ನು 'ಊ' ಆಗಿ ಸುತ್ತಬೇಕು. ರೇಣುಕಾ ಅದನ್ನು ಬರೀ 'ಊ' ಮಾಡಿ ನುಡಿಯುತ್ತಿದ್ದರು, ತಮ್ಮ ರೆಕಾರ್ಡಿಂಗ್ ಕೇಳಿದ ಮೇಲೆಯೇ ಅದು ಗೊತ್ತಾದದ್ದು.

ತಿದ್ದುವ ವಿಷಯಕ್ಕೆ ಒಂದು ಕರಾರು ಮಾಡಿಕೊಳ್ಳಲು ಹೇಳಿದೆ. ಕ್ಲಾಸಿನ ಟೀಚರ್‌ಗೆ ಅವರೇ ಕೇಳಬೇಕು: ನಾನು ಮಾತು ಮುಗಿಸುವವರೆಗೆ ತಡೆಯಬೇಡಿ, ಮುಗಿದ ಮೇಲೆ ಎರಡೇ ತಪ್ಪು ಹೇಳಿ. ಆ ಎರಡು ತಪ್ಪಿನ ಸರಿಯಾದ ವಾಕ್ಯ ಅಂದಿನ ಕಾರ್ಡ್ ಆಗುತ್ತದೆ. ಟೀಚರ್ ತಕ್ಷಣ ಒಪ್ಪಿದರಂತೆ, ಯಾರೂ ಇದುವರೆಗೆ ಹೀಗೆ ಕೇಳಿರಲಿಲ್ಲ ಅಷ್ಟೇ.

ತೊಡಕು ಬಂದದ್ದು ಮನೆಯಲ್ಲಿ. ರಾತ್ರಿ ಗಟ್ಟಿಯಾಗಿ ಮಾತಾಡಿದರೆ ಅತ್ತೆ, "ಇಷ್ಟೊತ್ತಿನ್ಯಾಗ ಯಾರ ಜೋಡಿ ಮಾತಾಡಾಕತ್ತೀಯವ್ವ?" ಎನ್ನುತ್ತಿದ್ದರು. ಪಿಸುಗುಟ್ಟಿದರೆ ಸ್ವರಗಳು ಹೊರಡುವುದಿಲ್ಲ. ಡ್ಯೂಟಿಗೆ ಹೊರಡುವ ಮುನ್ನ ಮಾಳಿಗೆಯ ಮೇಲೆ ಹದಿನೈದು ನಿಮಿಷ ಎಂದು ಸಮಯ ಬದಲಿಸಿದರು, ಮಗನಿಗೆ ರೋಗಿಯ ಪಾತ್ರ ಸಿಕ್ಕಿತು. ಮಗನ ಮೇಲೆ ರೇಗುವ ದೂರು ಮುಂದೆ ತಾನಾಗಿ ಕೇಳಿಬರಲಿಲ್ಲ. ನೈಟ್ ಡ್ಯೂಟಿಯ ವಾರಕ್ಕೆ ಬೇರೆ ಲೆಕ್ಕ: ಹೊಸ ಕಾರ್ಡ್ ಒಂದೂ ಇಲ್ಲ, ಹೊಸ ಆಡಿಯೊ ಇಲ್ಲ, ಇದ್ದ ಕಾರ್ಡ್ ನೋಡುವುದು ಮತ್ತು ಹಳೆಯದೊಂದು ಆಡಿಯೊ ಮರಳಿ ಕೇಳುವುದು. ಮತ್ತೆ ಮತ್ತೆ ತಪ್ಪುವ ಕಾರ್ಡ್ ಇದ್ದರೆ ಹಟ ಹಿಡಿಯದೆ ತೆಗೆದುಹಾಕುವುದು. ಆಂಕಿ ಕೂಡ ಎಂಟು ಸಲ ಮರೆತ ಕಾರ್ಡಿಗೆ ತಾನಾಗಿಯೇ ಗುರುತು ಹಾಕುತ್ತದೆ. ಅಂಥ ಕಾರ್ಡಿನ ಬದಲು ಅದೇ ಪದವಿರುವ ಬೇರೆ ವಾಕ್ಯ ಹುಡುಕುವುದು ಲೇಸು.

ನಾಲ್ಕು ತಿಂಗಳ ಮೇಲೆ ಅದೇ ಪರೀಕ್ಷೆಯನ್ನು ಹೊಸ ಆಡಿಯೊದಲ್ಲಿ ಮಾಡಿದೆವು. 85 ಪದಗಳಲ್ಲಿ 61 ಕಿವಿಗೆ ಸಿಕ್ಕವು, ಬಿಪಿ ಅಂಕಿಗಳೂ ಸರಿ ಇದ್ದವು.

ಬಳಿಕ ಗೋಥೆ ಸಂಸ್ಥೆಯ ಬಿ1 ಪರೀಕ್ಷೆಗೆ ಕೂತರು. ಅದರಲ್ಲಿ ಓದು, ಆಲಿಸುವಿಕೆ, ಬರವಣಿಗೆ, ಮಾತು ಎಂದು ನಾಲ್ಕು ಭಾಗ, ಪ್ರತಿಯೊಂದರಲ್ಲೂ ನೂರಕ್ಕೆ 60 ಬರಬೇಕು. ಆಲಿಸುವಿಕೆಯ ಕೆಲವು ಭಾಗಗಳನ್ನು ಒಮ್ಮೆ ಮಾತ್ರ ಕೇಳಿಸುತ್ತಾರೆ. ಅದರಲ್ಲಿ ರೇಣುಕಾ ಅವರಿಗೆ 67, ಮಾತಿನಲ್ಲಿ 74, ಓದಿನಲ್ಲೂ ಪಾಸ್. ಬರವಣಿಗೆಯಲ್ಲಿ 53.

ಅದು ಆಶ್ಚರ್ಯವಲ್ಲ. ದನಿಯ ಕಾರ್ಡ್ ಮತ್ತು ವಾಯ್ಸ್ ಮೆಸೇಜ್ ಬರವಣಿಗೆಗೆ ಏನೂ ಕೊಡುವುದಿಲ್ಲ. ಬಾಯಲ್ಲಿ ನುಂಗಿಹೋಗುವ ವಿಭಕ್ತಿಯ ಕೊನೆಯಕ್ಷರಗಳು ಕಾಗದದ ಮೇಲೆ ಬಯಲಾಗುತ್ತವೆ. ಸೋತ ಭಾಗವನ್ನಷ್ಟೇ ಮತ್ತೆ ಬರೆಯಲು ಅವಕಾಶವಿದೆ. ಈಗ ಹೊಸ ಕಾರ್ಡ್ ಎರಡಕ್ಕಿಳಿಸಿ, ಉಳಿದ ಹೊತ್ತಿನಲ್ಲಿ ಒಂದು ಆಡಿಯೊ ಕೇಳಿ ಅದನ್ನೇ ಉಕ್ತಲೇಖನದಂತೆ ಬರೆದು ಬರಹದ ಜೊತೆ ತಾಳೆ ನೋಡುತ್ತಿದ್ದಾರೆ. ವಾರಕ್ಕೆ ಎರಡು ಸಣ್ಣ ಇಮೇಲ್ ಬರೆದು ಟೀಚರ್‌ಗೆ ಕಳಿಸುತ್ತಾರೆ, ಎರಡೇ ತಪ್ಪು ಎಂಬ ಕರಾರು ಇದಕ್ಕಿಲ್ಲ. ಬರಹದಲ್ಲಿ ಎಲ್ಲ ತಪ್ಪಿಗೂ ಕೆಂಪು ಶಾಯಿ ಬೀಳಲಿ ಎಂದು ಅವರೇ ಹೇಳಿದ್ದಾರೆ.