ಮಳೆಗಾಲದಲ್ಲಿ ನೀರು ಆವಿಯಾಗೋದನ್ನು ಮಕ್ಕಳಿಗೆ ತೋರಿಸೋದು ಹೇಗೆ?

"ನಾವಿರೋದು ಮಡಿಕೇರಿ. ಎಂಟು ವರ್ಷದ ಮಗಳಿಗೆ ಐಸ್ ಕರಗೋದು ತೋರಿಸಿದೆ, ಸರಿಯಾಯ್ತು. ಆದ್ರೆ ತಟ್ಟೆಯಲ್ಲಿಟ್ಟ ನೀರು ಎರಡು ದಿನವಾದರೂ ಆರಲಿಲ್ಲ. ಎಲ್ಲಿ ತಪ್ಪಿದೆ?"

ತಪ್ಪು ನಿಮ್ಮದಲ್ಲ, ಜುಲೈ ತಿಂಗಳದ್ದು. ಕೊಡಗಿನ ಮಳೆಯಲ್ಲಿ ಬಟ್ಟೆಯೇ ಒಣಗೋದಿಲ್ಲ, ಅಲ್ವಾ? ಗಾಳಿಯಲ್ಲಿ ಆಗಲೇ ಆವಿ ತುಂಬಿರುತ್ತದೆ. ತಟ್ಟೆಯಿಂದ ಎಷ್ಟು ಆವಿ ಹೊರಡುತ್ತದೋ, ಹೆಚ್ಚುಕಡಿಮೆ ಅಷ್ಟೇ ವಾಪಸ್ ಬಂದು ಸೇರುತ್ತದೆ.

ಹಾಗಾಗಿ ನೀರು ಕಡಿಮೆ ಮಾಡಿ, ಬಿಸಿ ಜಾಸ್ತಿ ಮಾಡಿ. ಒಂದೇ ಥರದ ಎರಡು ಸ್ಟೀಲ್ ತಟ್ಟೆಗೆ ಅರ್ಧರ್ಧ ಚಮಚ ನೀರು ಸವರಿ. ಒಂದು ಕಿಟಕಿ ಹತ್ತಿರ ಇರಲಿ. ಕಡಂಬುಟ್ಟು ಬೇಯಿಸಿ ಒಲೆ ಆರಿಸಿದ ಮೇಲೆ, ಇನ್ನೊಂದನ್ನು ಆ ಪಾತ್ರೆಯ ಮುಚ್ಚಳದ ಮೇಲೆ ನೀವೇ ಇಡಿ. ಇದು ಬೇಗ ಒಣಗುತ್ತದೆ, ಕಿಟಕಿಯದ್ದು ಹಾಗೇ ಇರುತ್ತದೆ. ನೀರಿಗೆ ಚಿಟಿಕೆ ಉಪ್ಪು ಕರಗಿಸಿದ್ದರೆ ಇನ್ನೂ ಚೆನ್ನ. ನೀರು ಹೋದ ಜಾಗದಲ್ಲಿ ಬಿಳಿ ಗುರುತು ಉಳಿಯುತ್ತದೆ.

ಐಸ್ ವಿಷಯದಲ್ಲಿ ಮಾತ್ರ ನಿಮ್ಮೂರಿನ ಗಾಳಿ ಉಪಕಾರಿ. ಸ್ಟೀಲ್ ಲೋಟಕ್ಕೆ ಐಸ್ ಹಾಕಿದರೆ ಸ್ವಲ್ಪ ಹೊತ್ತಿಗೇ ಹೊರಗೆ ಹನಿ ಕೂರುತ್ತದೆ. ಮಕ್ಕಳು "ಲೋಟ ಸೋರ್ತಿದೆ" ಅಂತಾರೆ. ವಾದ ಮಾಡಬೇಡಿ. ಬೀಟ್‌ರೂಟ್ ಬೇಯಿಸಿದ ಕೆಂಪು ನೀರನ್ನು ಆರಿಸಿ, ಅದರಲ್ಲೇ ಐಸ್ ಮಾಡಿ ಹಾಕಿ. ಹೊರಗಿನ ಹನಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಲಿ. ಬಟ್ಟೆ ಕೆಂಪಾಗದಿದ್ದರೆ ಆ ನೀರು ಎಲ್ಲಿಂದ ಬಂತು ಅಂತ ಅವಳೇ ಕೇಳ್ತಾಳೆ.