ಹನಿ ನೀರಾವರಿ: ವಾಲ್ವ್ ತೆರೆಯುವ ಅವಧಿಯನ್ನು ಕಂಟ್ರೋಲರ್ ಕಲಿಯುವ ಬಗೆ

ಪ್ರಶ್ನೆ: ಟೊಮೆಟೊ ಸಾಲುಗಳಿಗೆ ತೇವಾಂಶದ ಸೆನ್ಸರ್ ಹಾಕಿದ್ದೇನೆ. ವಾಲ್ವ್ ಎಷ್ಟು ನಿಮಿಷ ತೆರೆಯಬೇಕೆಂದು ಕಂಟ್ರೋಲರ್ ತಾನೇ ಕಲಿಯುವಂತೆ ಮಾಡುವುದು ಹೇಗೆ?

ಉತ್ತರ: ಸೆನ್ಸರ್ ಗುರಿ ಮುಟ್ಟುವವರೆಗೆ ನೀರು ಬಿಡುವ ವಿಧಾನವನ್ನು ಕೈಬಿಡಿ. ಡ್ರಿಪ್ಪರಿನಿಂದ ಬಿದ್ದ ನೀರು 15 ಸೆಂ.ಮೀ. ಆಳದ ಸೆನ್ಸರನ್ನು ತಲುಪಲು ಸಮಯ ಬೇಕಾಗುವುದರಿಂದ, ಅದು ಗುರಿಯನ್ನು ತೋರಿಸುವ ವೇಳೆಗೆ ಅಗತ್ಯಕ್ಕಿಂತ ಹೆಚ್ಚು ನೀರು ಬಿದ್ದಿರುತ್ತದೆ; ಆ ಹೆಚ್ಚುವರಿ ನೀರು ಬೇರಿನ ಕೆಳಗೆ ಇಳಿದು ವ್ಯರ್ಥವಾಗಬಹುದು. ಆದ್ದರಿಂದ ಅವಧಿಯನ್ನು ಮೊದಲೇ ಲೆಕ್ಕಹಾಕಿ ವಾಲ್ವ್ ತೆರೆಯಿರಿ. ಮುಚ್ಚಿದ ಒಂದು ಗಂಟೆಯ ನಂತರ ತೇವಾಂಶವನ್ನು ಮತ್ತೆ ಅಳೆದು, ಪ್ರತಿ ನಿಮಿಷಕ್ಕೆ ಅದು ಎಷ್ಟು ಏರಿತೆಂಬುದನ್ನು `k` ಎಂದು ಉಳಿಸಿಕೊಳ್ಳಿ.

```
minutes = (target - now) / k
k = 0.8*k + 0.2*(rise / minutes)
```

ಗುರಿ ಶೇ. 28, ಈಗಿನ ತೇವಾಂಶ ಶೇ. 22, `k` 0.20 ಎಂದಿಟ್ಟುಕೊಂಡರೆ ವಾಲ್ವ್ 30 ನಿಮಿಷ ತೆರೆದಿರುತ್ತದೆ. ಬಳಿಕ ತೇವಾಂಶ 27ಕ್ಕೆ ಮಾತ್ರ ಏರಿದರೆ ಹೊಸ `k` ಸುಮಾರು 0.193 ಆಗಿ, ಅಷ್ಟೇ ಕೊರತೆಗೆ ಮುಂದಿನ ಬಾರಿ ಸುಮಾರು 31 ನಿಮಿಷ ಸಿಗುತ್ತದೆ. ಹೀಗೆ ನಿಧಾನವಾಗಿ ತಿದ್ದಿಕೊಳ್ಳುವುದೇ ಸರಿ, ಏಕೆಂದರೆ ಒಂದು ತಪ್ಪು ಅಳತೆ ಇಡೀ ಲೆಕ್ಕವನ್ನು ಕೆಡಿಸಬಾರದು.

ಮಳೆ ಬಂದ ದಿನ `k` ಬದಲಿಸಬೇಡಿ. ನೀರು ಬಿಟ್ಟರೂ ತೇವಾಂಶ ಏರದಿದ್ದರೆ ಅದನ್ನು ಕಲಿಕೆಗೆ ಸೇರಿಸಬಾರದು. ಸೇರಿಸಿದರೆ `k` ಕುಸಿದು ಅವಧಿ ಬೆಳೆಯುತ್ತಲೇ ಹೋಗುತ್ತದೆ. ಡ್ರಿಪ್ಪರ್ ಕಟ್ಟಿಕೊಂಡಿರಬಹುದು, ಇಲ್ಲವೇ ಸೆನ್ಸರ್ ಸುತ್ತಲಿನ ಮಣ್ಣು ಬಿರುಕುಬಿಟ್ಟು ಗಾಳಿ ಸೇರಿರಬಹುದು. ಅಂಥ ಸಂದರ್ಭಕ್ಕಾಗಿ ಗರಿಷ್ಠ ಅವಧಿಯನ್ನು, ಉದಾಹರಣೆಗೆ 45 ನಿಮಿಷವನ್ನು, ಪ್ರೋಗ್ರಾಮಿನಲ್ಲಿ ಕಡ್ಡಾಯವಾಗಿ ನಿಗದಿಪಡಿಸಿ, ಮೊಬೈಲಿಗೆ ಎಚ್ಚರಿಕೆ ಹೋಗುವಂತೆ ಮಾಡಿ. ಸೆನ್ಸರ್ ಕೆಪಾಸಿಟಿವ್ ಬಗೆಯದಾಗಿರಲಿ. ಬರಿಯ ಲೋಹದ ಕಡ್ಡಿಗಳಿರುವ ಅಗ್ಗದ ಸೆನ್ಸರು ಒದ್ದೆ ಮಣ್ಣಿನಲ್ಲಿ ಬೇಗ ಸವೆಯುತ್ತದೆ.